ಯೂನಿಟ್‌ಗೆ ಹತ್ತು ರೂಪಾಯಿ: ಈ ಲೆಕ್ಕ ಎಲ್ಲಿಂದ ಬಂತು?

ತಿಂಗಳ ಮೊದಲ ವಾರ ಬಂತೆಂದರೆ ಬೆಂಗಳೂರಿನ ಬಾಡಿಗೆದಾರರ ಫೋನಿಗೆ ಮನೆ ಓನರ್ ಕಡೆಯಿಂದ ಒಂದೇ ಸಾಲಿನ ಮೆಸೇಜು ಬರುತ್ತದೆ: ‘ರೆಂಟ್ 14,000, ನೀರು 300, ಕರೆಂಟ್ 1,180.’ ಬಾಡಿಗೆ ಎಷ್ಟೆಂದು ಮೊದಲೇ ಮಾತಾಗಿರುತ್ತದೆ. ನೀರಿನ ದುಡ್ಡೂ ಅಷ್ಟೇ. ಆದರೆ ಆ 1,180 ಹೇಗೆ ಬಂತು? ‘118 ಯೂನಿಟ್ ಆಗಿದೆ, ಯೂನಿಟ್‌ಗೆ ಹತ್ತು’ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. 118 ಎಂದು ನೋಡಿದವರು ಓನರ್ ಒಬ್ಬರೇ, ಹತ್ತು ಎಂದು ನಿಗದಿ ಮಾಡಿದವರೂ ಅವರೇ. ಹೀಗಾಗಿ ಬಾಡಿಗೆದಾರರು ಕೇಳಬೇಕಾದದ್ದು ಎರಡೇ: ಮೀಟರ್ ರೀಡಿಂಗಿನ ಫೋಟೋ ಮತ್ತು ಯೂನಿಟ್ ದರದ ಲೆಕ್ಕ. ಎರಡಕ್ಕೂ ಕಾಗದದ ಮೇಲೆ ತೋರಿಸಬಹುದಾದ ಉತ್ತರವಿದೆ.

ಮೊದಲು ವ್ಯವಸ್ಥೆ ಹೇಗಿದೆ ಎಂದು ನೋಡಬೇಕು. ಬೆಸ್ಕಾಂ ಹಾಕಿ ಸೀಲ್ ಮಾಡಿದ ಮೀಟರಿಗೆ ಒಂದು ಆರ್.ಆರ್. ನಂಬರ್ ಇರುತ್ತದೆ. ಪ್ರತಿ ತಿಂಗಳು ಮೀಟರ್ ರೀಡರ್ ಬಂದು ಓದಿ, ಅಲ್ಲೇ ಬಿಲ್ ಹರಿದುಕೊಡುವುದು ಇದಕ್ಕೆ ಮಾತ್ರ. ಈ ಮುಖ್ಯ ಮೀಟರ್ ದಾಟಿದ ವೈರು ಎರಡು, ಮೂರು, ಕೆಲವೊಮ್ಮೆ ಆರು ಮನೆಗಳಿಗೆ ಕವಲೊಡೆಯುತ್ತದೆ. ಒಂದೊಂದು ಕವಲಿಗೂ ಓನರ್ ಅಂಗಡಿಯಿಂದ ತಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿದ ಚಿಕ್ಕ ಮೀಟರೇ ಸಬ್ ಮೀಟರ್. ಅದನ್ನು ಬೆಸ್ಕಾಂ ಓದುವುದಿಲ್ಲ, ಪರೀಕ್ಷಿಸುವುದಿಲ್ಲ, ಅದರ ಬಗ್ಗೆ 1912ಕ್ಕೆ ಫೋನ್ ಮಾಡಿದರೆ ‘ನಮಗೆ ಸಂಬಂಧವಿಲ್ಲ’ ಎನ್ನುವುದರಲ್ಲಿ ತಪ್ಪೂ ಇಲ್ಲ. ಬೆಸ್ಕಾಂ ಲೆಕ್ಕದಲ್ಲಿ ಆ ಕಟ್ಟಡದಲ್ಲಿರುವುದು ಒಬ್ಬನೇ ಗ್ರಾಹಕ. ಆ ಒಂದು ಬಿಲ್ಲನ್ನು ಮನೆಗಳ ನಡುವೆ ಹಂಚುವ ಅಳತೆಗೋಲಷ್ಟೇ ಸಬ್ ಮೀಟರ್. ಎಲ್ಲರಿಂದ ಸೇರಿ ಬರುವ ದುಡ್ಡು ಮುಖ್ಯ ಬಿಲ್ಲಿಗಿಂತ ಹೆಚ್ಚಾಯಿತೆಂದರೆ ಅಲ್ಲಿ ನಡೆದದ್ದು ಹಂಚಿಕೆಯಲ್ಲ, ಮಾರಾಟ. 2003ರ ವಿದ್ಯುತ್ ಕಾಯ್ದೆಯ 12ನೇ ಕಲಮಿನ ಪ್ರಕಾರ ವಿದ್ಯುತ್ ವಿತರಣೆಗೂ ವ್ಯಾಪಾರಕ್ಕೂ ಪರವಾನಗಿ ಬೇಕು.

ಹಾಗಾದರೆ ಈ ಹತ್ತು ರೂಪಾಯಿ ಎಲ್ಲಿಂದ ಬಂತು? ಅದಕ್ಕೂ ಒಂದು ಹಿನ್ನೆಲೆಯಿದೆ. 2023ಕ್ಕೆ ಮೊದಲು ಗೃಹಬಳಕೆಯ ವಿದ್ಯುತ್ತಿಗೆ ಸ್ಲ್ಯಾಬ್ ದರವಿತ್ತು. ಮೊದಲ ಯೂನಿಟ್‌ಗಳು ಅಗ್ಗ, ಮುಂದೆ ಹೋದಂತೆ ತುಟ್ಟಿ. 200 ಯೂನಿಟ್ ದಾಟಿದ ಮೇಲೆ ದರ ಎಂಟು ರೂಪಾಯಿಯ ಆಸುಪಾಸಿಗೆ ಹೋಗುತ್ತಿತ್ತು. ಒಂದೇ ಮೀಟರಿನಡಿ ಮೂರು ಸಂಸಾರಗಳಿದ್ದರೆ ಒಟ್ಟು ಬಳಕೆ ಸುಲಭವಾಗಿ 200 ದಾಟುತ್ತದೆ, ಬಹುಪಾಲು ಯೂನಿಟ್‌ಗಳು ತುಟ್ಟಿ ಸ್ಲ್ಯಾಬಿಗೇ ಬೀಳುತ್ತವೆ. ಅದರ ಮೇಲೆ ತೆರಿಗೆ, ನಿಗದಿತ ಶುಲ್ಕ ಎಲ್ಲ ಸೇರಿಸಿದರೆ ಹತ್ತು ಎನ್ನುವುದು ತೀರಾ ಅನ್ಯಾಯದ ಅಂಕಿ ಆಗಿರಲಿಲ್ಲ. 2023ರಲ್ಲಿ ಅದು ಬದಲಾಗಿ, 100 ಯೂನಿಟ್ ದಾಟಿದರೆ ಅಷ್ಟಕ್ಕೂ 7 ರೂಪಾಯಿ ಎಂದಾಯಿತು. 2024ರ ಏಪ್ರಿಲ್‌ನಿಂದ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಸ್ಲ್ಯಾಬನ್ನೇ ತೆಗೆದು ಎಲ್ಲ ಯೂನಿಟ್‌ಗೂ ಒಂದೇ ದರ, 5 ರೂಪಾಯಿ 90 ಪೈಸೆ, ಗೊತ್ತುಮಾಡಿತು. 2025ರ ಏಪ್ರಿಲ್‌ನಲ್ಲಿ ಅದು 5 ರೂಪಾಯಿ 80 ಪೈಸೆಗೆ ಇಳಿಯಿತು. ಬೆಸ್ಕಾಂ ದರ ಮೂರು ಸಲ ಬದಲಾದರೂ ಓನರ್‌ಗಳ ಹತ್ತು ರೂಪಾಯಿ ಮಾತ್ರ ಕದಲಲಿಲ್ಲ. ಹಳೆಯ ಸ್ಲ್ಯಾಬ್ ಹೋಗಿದೆ ಎಂಬುದೇ ಎಷ್ಟೋ ಓನರ್‌ಗಳಿಗೆ ತಿಳಿದಿಲ್ಲ. ಹಾಗಾಗಿ ಮೋಸದ ಆರೋಪದಿಂದ ಮಾತು ಶುರುಮಾಡಬೇಕಾಗಿಲ್ಲ.

ಹಾಗೆಂದು ‘ಬೆಸ್ಕಾಂ ದರ 5.80, ನಾನು ಅಷ್ಟೇ ಕೊಡುತ್ತೇನೆ’ ಎಂದು ಪಟ್ಟು ಹಿಡಿಯುವ ಬಾಡಿಗೆದಾರರ ಲೆಕ್ಕವೂ ಸರಿಯಲ್ಲ. ಬಿಲ್ಲಿನಲ್ಲಿ ಯೂನಿಟ್ ದರದ ಜೊತೆಗೆ ಇನ್ನೂ ಕೆಲವು ಬಾಬ್ತುಗಳಿರುತ್ತವೆ. 2025-26ರ ದರಪಟ್ಟಿಯಂತೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಮನೆ ಖಾಲಿಯಿದ್ದರೂ ಇದನ್ನು ಕಟ್ಟಲೇಬೇಕು. ವಿದ್ಯುತ್ ನಿಗಮಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ. ಯೂನಿಟ್ ಶುಲ್ಕದ ಮೇಲೆ ಶೇಕಡಾ 9 ತೆರಿಗೆ, ಅಂದರೆ ಇನ್ನೊಂದು 52 ಪೈಸೆ. ಇವುಗಳಲ್ಲದೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬುದೊಂದಿದೆ. ಅದು ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಕೆಳಗಿನ ಲೆಕ್ಕದಲ್ಲಿ ಸೇರಿಸಿಲ್ಲ.

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸಿಗುವಂಥ ಒಂದು ಕಟ್ಟಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೆಳಗೆ ಓನರ್ ಮನೆ, ಅವರಿಗೆ ಪ್ರತ್ಯೇಕ ಆರ್.ಆರ್. ನಂಬರ್. ಮೇಲೆ ಮೂರು ಬಾಡಿಗೆ ಮನೆ, ಮೂರಕ್ಕೂ ಸೇರಿ ಒಂದೇ ಬೆಸ್ಕಾಂ ಮೀಟರ್, 4 ಕಿಲೋವ್ಯಾಟ್ ಲೋಡ್. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟರ್ ಮತ್ತು ಮೆಟ್ಟಿಲಿನ ದೀಪಗಳೂ ಬಾಡಿಗೆ ಮನೆಗಳ ಈ ಮೀಟರಿನ ಮೇಲೆಯೇ ಇವೆ. ಒಂದು ತಿಂಗಳಲ್ಲಿ ಮುಖ್ಯ ಮೀಟರ್ ತೋರಿಸಿದ್ದು 412 ಯೂನಿಟ್. ಸಬ್ ಮೀಟರ್‌ಗಳು ತೋರಿಸಿದ್ದು 118, 96 ಮತ್ತು 152, ಒಟ್ಟು 366.

ಬೆಸ್ಕಾಂ ಬಿಲ್ ಹೀಗಾಗುತ್ತದೆ: ನಿಗದಿತ ಶುಲ್ಕ 580 ರೂಪಾಯಿ, 412 ಯೂನಿಟ್‌ಗೆ ತಲಾ 5.80ರಂತೆ ಸುಮಾರು 2,390, ಪಿಂಚಣಿ ಬಾಬ್ತು 148, ತೆರಿಗೆ 215. ಒಟ್ಟು 3,333 ರೂಪಾಯಿ. ನಿಗದಿತ ಶುಲ್ಕ ಬದಿಗಿಟ್ಟರೆ ಒಂದು ಯೂನಿಟ್ ಬೀಳುವುದು 6 ರೂಪಾಯಿ 68 ಪೈಸೆಗೆ. ಅದನ್ನೂ ಸೇರಿಸಿ ಭಾಗಿಸಿದರೆ 8 ರೂಪಾಯಿ 9 ಪೈಸೆ. ಈ ಎರಡನೇ ಅಂಕಿ ಸ್ಥಿರವಲ್ಲ. ಬಳಕೆ 600 ಯೂನಿಟ್‌ಗೆ ಏರಿದರೆ ಅದೇ 580 ರೂಪಾಯಿ ಹೆಚ್ಚು ಯೂನಿಟ್‌ಗಳ ಮೇಲೆ ಹರಡಿ, ದರ 7 ರೂಪಾಯಿ 65 ಪೈಸೆಗೆ ಇಳಿಯುತ್ತದೆ. ರಜೆಗೆ ಎಲ್ಲರೂ ಊರಿಗೆ ಹೋದ ತಿಂಗಳಲ್ಲಿ ಏರುತ್ತದೆ. ವರ್ಷಪೂರ್ತಿ ಒಂದೇ ದರ ಹಿಡಿದವರು ಯಾವುದಾದರೂ ತಿಂಗಳಲ್ಲಿ ತಪ್ಪಿಯೇ ತಪ್ಪುತ್ತಾರೆ. ಅದಕ್ಕೇ ನಿಗದಿತ ಶುಲ್ಕವನ್ನು ಯೂನಿಟ್ ದರದೊಳಗೆ ಬೆರೆಸದೆ ಬೇರೆ ಇಡುವುದು ಒಳ್ಳೆಯದು.

ಇನ್ನು 412ಕ್ಕೂ 366ಕ್ಕೂ ನಡುವಿನ 46 ಯೂನಿಟ್. ಜಗಳ ಹೆಚ್ಚಾಗಿ ಹುಟ್ಟುವುದೇ ಇಲ್ಲಿ. ಒಂದು ಎಚ್‌ಪಿ ಮೋಟರ್ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಎಳೆಯುತ್ತದೆ. ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 30 ಯೂನಿಟ್. ಒಂಬತ್ತು ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬುಗಳು ರಾತ್ರಿಯಿಡೀ ಉರಿದರೆ ಇನ್ನೊಂದು 13. ಉಳಿದ ಮೂರು ಯೂನಿಟ್ ವೈರಿನಲ್ಲಿ ಸೋರಿಕೆ ಮತ್ತು ಮೀಟರ್‌ಗಳ ಸಹಜ ವ್ಯತ್ಯಾಸ. ‘ಕ್ಲಾಸ್ 1’ ಎಂದು ಬರೆದ ಮೀಟರಿಗೆ ನೂರಕ್ಕೆ ಒಂದರಷ್ಟು ಆಚೀಚೆ ಆಗಲು ಅವಕಾಶವಿದೆ. ಹೀಗಾಗಿ 46ಕ್ಕೆ ಸರಿಯಾದ ಕಾರಣ ಸಿಕ್ಕಿತು. ಇದೇ ವ್ಯತ್ಯಾಸ 120 ಆಗಿದ್ದರೆ? ಓನರ್ ಮನೆಯ ಗೀಸರ್ ಲೈನೋ, ಕೆಳಗಿನ ಅಂಗಡಿಯ ಫ್ರಿಜ್ಜೋ ಈ ಮೀಟರಿಗೆ ಸೇರಿಕೊಂಡಿದೆಯೇ ಎಂದು ನೋಡಬೇಕಾಗುತ್ತದೆ. ಸಬ್ ಮೀಟರ್‌ಗಳ ಒಟ್ಟು ಮೊತ್ತವೇ ಮುಖ್ಯ ಮೀಟರನ್ನು ಮೀರಿಸಿದರೆ ಅದು ಇನ್ನೂ ಸ್ಪಷ್ಟ ಸೂಚನೆ: ಎರಡನ್ನೂ ಬೇರೆಬೇರೆ ದಿನ ಓದಿದ್ದಾರೆ, ಇಲ್ಲವೇ ಯಾವುದೋ ಸಬ್ ಮೀಟರ್ ಓಡುತ್ತಿರುವುದು ಜೋರಾಗಿದೆ.

ಈಗ ಹಂಚಿಕೆ. 118 ಯೂನಿಟ್ ಸುಟ್ಟ ಮನೆಗೆ 6.68ರಂತೆ 788 ರೂಪಾಯಿ, ನಿಗದಿತ ಶುಲ್ಕದ ಮೂರನೇ ಒಂದು ಪಾಲು 193 ರೂಪಾಯಿ. ಸಾಮಾನ್ಯ ಬಳಕೆಯ 46 ಯೂನಿಟ್‌ಗೆ 307 ರೂಪಾಯಿ ಆಗುತ್ತದೆ. ಆ ಮೋಟರ್ ಓನರ್ ಮನೆಗೂ ನೀರೆತ್ತುವುದರಿಂದ ನಾಲ್ಕು ಪಾಲು ಮಾಡಿದರೆ ತಲಾ 77. ಒಟ್ಟು 1,058 ರೂಪಾಯಿ. ಹತ್ತರ ಲೆಕ್ಕದಲ್ಲಿ ಕೇಳಿದ್ದು 1,180. ಒಂದು ಮನೆಗೆ ಇದು ದೊಡ್ಡ ವ್ಯತ್ಯಾಸವಾಗಿ ಕಾಣಲಿಕ್ಕಿಲ್ಲ. ಆದರೆ ಎಷ್ಟೋ ಕಡೆ ಹತ್ತು ರೂಪಾಯಿಯ ಮೇಲೆ ‘ಕಾಮನ್ ಕರೆಂಟ್’ ಎಂದು ಮನೆಗೆ 150 ರೂಪಾಯಿ ಬೇರೆ ಹಾಕುತ್ತಾರೆ. ಆಗ ಮೂರು ಮನೆಯಿಂದ ಬರುವುದು 4,110, ಬೆಸ್ಕಾಂಗೆ ಹೋಗುವುದು 3,333. ಓನರ್ ತಮ್ಮ ಪಾಲಿನ ಮೋಟರ್ ಖರ್ಚನ್ನೂ ಕೊಟ್ಟಿಲ್ಲ. ಎರಡೂ ಸೇರಿದರೆ ತಿಂಗಳಿಗೆ 854 ರೂಪಾಯಿ, ವರ್ಷಕ್ಕೆ ಹತ್ತು ಸಾವಿರದ ಮೇಲೆ. ನಿಗದಿತ ಶುಲ್ಕ, ತೆರಿಗೆ, ಮೋಟರ್ ಎಲ್ಲವೂ ಹತ್ತರೊಳಗೇ ಇದ್ದಾವೆ ಎಂದ ಮೇಲೆ ಅದರ ಹೆಸರಿನಲ್ಲಿ ಮತ್ತೆ ದುಡ್ಡು ಕೇಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇಷ್ಟೂ ಲೆಕ್ಕ ನಿಂತಿರುವುದು ರೀಡಿಂಗಿನ ಮೇಲೆ. ರೀಡಿಂಗ್ ಸರಿಯಿದೆಯೇ ಎಂದು ತಿಳಿಯಲು ಫೋಟೋಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಎಂಥ ಫೋಟೋ ಎಂಬುದು ಮುಖ್ಯ. ಅಂಕಿಯಷ್ಟೇ ಕಾಣುವ ಹತ್ತಿರದ ಚಿತ್ರದಿಂದ ಅದು ಯಾರ ಮನೆಯ ಮೀಟರೆಂದು ಗೊತ್ತಾಗುವುದಿಲ್ಲ. ಮೀಟರಿನ ಮುಖದ ಮೇಲೆ ಅಚ್ಚಾದ ಸೀರಿಯಲ್ ನಂಬರ್ ಮತ್ತು ರೀಡಿಂಗ್ ಒಂದೇ ಚಿತ್ರದಲ್ಲಿ ಇರಬೇಕು. ಡಿಜಿಟಲ್ ಮೀಟರಿನ ಪರದೆ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ: ದಿನಾಂಕ, ವೋಲ್ಟೇಜು, ಲೋಡು, ತಿಂಗಳ ಗರಿಷ್ಠ ಬೇಡಿಕೆ ಒಂದಾದ ಮೇಲೊಂದು ಬರುತ್ತವೆ. ಯೂನಿಟ್ ಲೆಕ್ಕವೆಂದರೆ ಅಂಕಿಯ ಪಕ್ಕದಲ್ಲಿ kWh ಎಂದು ಕಾಣುವ ಹೊತ್ತಿನದು ಮಾತ್ರ. ಚಕ್ರ ತಿರುಗುವ ಅಂಕಿಗಳಿರುವ ಮೀಟರಾದರೆ ಕೊನೆಯ ಕೆಂಪು ಅಂಕಿ ಯೂನಿಟ್ ಅಲ್ಲ, ಯೂನಿಟ್ಟಿನ ಹತ್ತನೇ ಒಂದು ಭಾಗ. ಒಂದು ತಿಂಗಳು ಅದನ್ನು ಬಿಟ್ಟು, ಮುಂದಿನ ತಿಂಗಳು ಸೇರಿಸಿ ಓದಿದರೆ ಬಿಲ್ ಎಲ್ಲೆಲ್ಲಿಗೋ ಹೋಗುತ್ತದೆ.

ಹಾಗೆಯೇ ಒಂದು ಫೋಟೋ ಸಾಲದು. ಬೆಸ್ಕಾಂ ರೀಡರ್ ಬಂದ ದಿನವೇ ಮುಖ್ಯ ಮೀಟರನ್ನೂ ಎಲ್ಲ ಸಬ್ ಮೀಟರ್‌ಗಳನ್ನೂ ಸೇರಿಸಿ ಫೋಟೋ ತೆಗೆಯಬೇಕು. ರೀಡರ್ ಹತ್ತನೇ ತಾರೀಕು ಬಂದು, ಓನರ್ ಒಂದನೇ ತಾರೀಕು ಸಬ್ ಮೀಟರ್ ನೋಡಿದರೆ ಎರಡೂ ಬೇರೆಬೇರೆ ಮೂವತ್ತು ದಿನಗಳ ಲೆಕ್ಕವಾಗಿ, ಹೊಂದಾಣಿಕೆಯೇ ಆಗುವುದಿಲ್ಲ. ಮನೆಗೆ ಬಂದ ದಿನದ ಆರಂಭದ ರೀಡಿಂಗ್ ಫೋಟೋ ಇಲ್ಲದವರು ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಯೂನಿಟ್‌ಗೂ ದುಡ್ಡು ಕೊಟ್ಟಿರುವ ಸಾಧ್ಯತೆಯಿದೆ.

ಕೇಳುವುದು ಹೇಗೆ ಎಂಬ ಅಳುಕು ಬಹಳ ಜನರಿಗೆ. ಅಡ್ವಾನ್ಸ್ ಓನರ್ ಕೈಯಲ್ಲಿರುತ್ತದೆ, ದಿನ ಬೆಳಗಾದರೆ ಗೇಟಿನಲ್ಲಿ ಮುಖ ನೋಡಬೇಕು. ಹಣ ಕಟ್ಟಿದ ಮೇಲೆ, ಜಗಳವಿಲ್ಲದ ದಿನ, ಬರಹದಲ್ಲಿ ಕೇಳುವುದು ಒಳ್ಳೆಯದು. ‘ನಮಸ್ತೆ ಆಂಟಿ, ಈ ತಿಂಗಳ ಕರೆಂಟ್ ದುಡ್ಡು ಕಳಿಸಿದ್ದೇನೆ. ಮುಂದಿನ ತಿಂಗಳಿಂದ ಬೆಸ್ಕಾಂ ಬಿಲ್ಲು, ಮೇನ್ ಮೀಟರ್ ಮತ್ತೆ ನಮ್ಮ ಸಬ್ ಮೀಟರ್ ಫೋಟೋ ಒಟ್ಟಿಗೆ ಹಾಕ್ತೀರಾ? ಯೂನಿಟ್‌ಗೆ ಎಷ್ಟು ಬೀಳುತ್ತೆ ಅಂತ ನಾನೂ ಬರೆದಿಟ್ಟುಕೊಳ್ತೀನಿ. ನಿಮಗೆ ಮೇಲೆ ಹತ್ತೋದು ಕಷ್ಟ ಆದ್ರೆ ನಾನೇ ತೆಗೆದು ಕಳಿಸ್ತೀನಿ.’ ಇದರಲ್ಲಿ ಯಾರ ಮೇಲೂ ಆರೋಪವಿಲ್ಲ, ಕೇಳಬೇಕಾದದ್ದೆಲ್ಲ ಇದೆ. ಬಿಲ್ ತೋರಿಸಲು ಹಿಂಜರಿದರೆ ಅಕೌಂಟ್ ಐಡಿ ಕೇಳಬಹುದು. ಯುಪಿಐ ಆ್ಯಪ್‌ಗಳ ಕರೆಂಟ್ ಬಿಲ್ ವಿಭಾಗದಲ್ಲಿ ಬೆಸ್ಕಾಂ ಆರಿಸಿ ಅದನ್ನು ಹಾಕಿದರೆ ಕಟ್ಟಬೇಕಾದ ಮೊತ್ತ ಕಾಣುತ್ತದೆ. ಹಳೆಯ ಬಾಕಿ ಇದ್ದರೆ ಅದೂ ಆ ಮೊತ್ತದೊಳಗೆ ಸೇರಿರುತ್ತದೆ ಎಂಬುದು ನೆನಪಿರಲಿ.

ಫೋಟೋ ಸರಿಯಿದೆ, ದರವೂ ಸರಿಯಿದೆ, ಆದರೂ ಯೂನಿಟ್ ವಿಪರೀತ ಎನಿಸಿದರೆ ಮೀಟರನ್ನೇ ಪರೀಕ್ಷಿಸಬೇಕು. ಮೊದಲು ಮನೆಯೊಳಗಿನ ಮೇನ್ ಎಂಸಿಬಿ ಕೆಳಗೆ ಮಾಡಿ ಸಬ್ ಮೀಟರ್ ಮುಂದೆ ನಿಲ್ಲಬೇಕು. ಅದರ ಮೇಲೆ ಮಿನುಗುವ ಪುಟ್ಟ ಕೆಂಪು ದೀಪ ಈಗ ನಿಲ್ಲಬೇಕು. ಹತ್ತು ನಿಮಿಷವಾದರೂ ಮಿನುಗುತ್ತಲೇ ಇದ್ದರೆ, ನಿಮ್ಮ ಮೀಟರ್ ದಾಟಿದ ಮೇಲೆ ಇನ್ನಾರದೋ ಲೈನು ಸೇರಿಕೊಂಡಿದೆ ಎಂದರ್ಥ. ಮೆಟ್ಟಿಲಿನ ದೀಪ, ನೀರಿನ ಮೋಟರ್, ಪಕ್ಕದ ಮನೆಯ ಒಂದು ಪ್ಲಗ್ ಪಾಯಿಂಟ್ ಹೀಗೆ ಸಿಕ್ಕಿಬೀಳುತ್ತವೆ.

ಎರಡನೆಯದು ಮಿನುಗು ಎಣಿಸುವ ಪರೀಕ್ಷೆ. ಮೀಟರ್ ಮೇಲೆ 3200 imp/kWh ಎಂದು ಬರೆದಿದ್ದರೆ ಒಂದು ಯೂನಿಟ್‌ಗೆ ಆ ದೀಪ 3,200 ಸಲ ಮಿನುಗಬೇಕು. ಮನೆಯಲ್ಲಿ ಎಲ್ಲ ಆರಿಸಿ, ಬಕೆಟ್ಟಿನ ನೀರಿನಲ್ಲಿ 1,500 ವ್ಯಾಟಿನ ಹೀಟರ್ ರಾಡ್ ಇಟ್ಟು ಅದೊಂದನ್ನೇ ಹಾಕಬೇಕು. (ಹಾಕಿರುವಷ್ಟು ಹೊತ್ತು ನೀರಿಗೆ ಯಾರೂ ಕೈ ಇಡಬಾರದು.) ಈಗ ನಿಮಿಷಕ್ಕೆ 80 ಮಿನುಗು ಬರಬೇಕು. 1600 ಎಂದಿದ್ದರೆ 40. ವೋಲ್ಟೇಜು ಕಡಿಮೆಯಿದ್ದಾಗ ರಾಡ್ ಎಳೆಯುವುದೇ ಕಡಿಮೆ: 230ರ ಬದಲು 210 ವೋಲ್ಟ್ ಇದ್ದರೆ 80ರ ಜಾಗದಲ್ಲಿ 67ರ ಹತ್ತಿರ ಬರುತ್ತದೆ. ಅದು ದೋಷವಲ್ಲ. 100, 110 ಬಂದರೆ ಮಾತ್ರ ಮೀಟರ್ ಬದಲಿಸಲು ಕೇಳುವುದು ನ್ಯಾಯ. ಇಸ್ತ್ರಿಪೆಟ್ಟಿಗೆ ಈ ಪರೀಕ್ಷೆಗೆ ಆಗದು, ಬಿಸಿಯಾದೊಡನೆ ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಬೇಗ ಬೀಳುವುದಿಲ್ಲ. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಎಲೆಕ್ಟ್ರಿಷಿಯನ್‌ಗಳು ಫೇಸ್ ವೈರನ್ನು ಮಾತ್ರ ಬೇರೆಬೇರೆ ಎಳೆದು ನ್ಯೂಟ್ರಲನ್ನು ಎರಡು ಮನೆಗೆ ಒಂದೇ ಮಾಡಿರುತ್ತಾರೆ. ಕಳ್ಳತನ ತಡೆಯಲೆಂದು ಈಗಿನ ಅನೇಕ ಮೀಟರ್‌ಗಳು ಎರಡೂ ವೈರಿನ ಕರೆಂಟನ್ನು ಅಳೆದು, ಯಾವುದು ಹೆಚ್ಚೋ ಅದಕ್ಕೆ ಯೂನಿಟ್ ಹಾಕುತ್ತವೆ. ಪಕ್ಕದ ಮನೆಯ ಕರೆಂಟು ನಿಮ್ಮ ನ್ಯೂಟ್ರಲ್ ಮೂಲಕ ಹಿಂದಿರುಗಿದರೆ ಅದು ನಿಮ್ಮ ಖಾತೆಗೆ ಬೀಳುತ್ತದೆ. ಮೀಟರಿನಲ್ಲಿ EL ಅಥವಾ Earth ಎಂಬ ದೀಪ ಹೊತ್ತಿಯೇ ಇದ್ದರೆ ಇದನ್ನು ಅನುಮಾನಿಸಬೇಕು. ಇದು ಎಲೆಕ್ಟ್ರಿಷಿಯನ್ ಕೆಲಸ, ಬಾಡಿಗೆದಾರರು ಬೋರ್ಡ್ ಬಿಚ್ಚಬಾರದು.

ಗೃಹಜ್ಯೋತಿ ಬಂದ ಮೇಲೆ ಸಬ್ ಮೀಟರಿನ ಪ್ರಶ್ನೆ ಇನ್ನಷ್ಟು ಬಿಗಿಯಾಗಿದೆ. 2023ರ ಜುಲೈನಿಂದ ಜಾರಿಯಾದ ಈ ಯೋಜನೆಯಲ್ಲಿ 200 ಯೂನಿಟ್ ಮಿತಿ ಇರುವುದು ಬೆಸ್ಕಾಂ ಮೀಟರಿಗೆ, ಸಂಸಾರಕ್ಕಲ್ಲ. ಮೇಲಿನ ಉದಾಹರಣೆಯ ಮೂರು ಮನೆಗಳಲ್ಲಿ ಒಂದೂ 200ರ ಹತ್ತಿರ ಹೋಗಿಲ್ಲ. ಆದರೆ ಒಟ್ಟು 412 ಆಗಿರುವುದರಿಂದ ಮೂವರಿಗೂ ಪೂರ್ತಿ ಬಿಲ್. ಇದರಲ್ಲಿ ಓನರ್ ತಪ್ಪೇನಿಲ್ಲ. ಅದೇ, ಮನೆಗೆ ಸ್ವಂತ ಆರ್.ಆರ್. ನಂಬರ್ ಇದ್ದು, ಗೃಹಜ್ಯೋತಿಯಲ್ಲಿ ಬಿಲ್ ಶೂನ್ಯ ಬರುತ್ತಿದ್ದರೂ ಸಬ್ ಮೀಟರ್ ತೋರಿಸಿ ದುಡ್ಡು ತೆಗೆದುಕೊಂಡರೆ ಅದು ಶುದ್ಧ ಅನ್ಯಾಯ. ಮೀಟರ್ ಬೋರ್ಡಿನಲ್ಲಿ ಬೆಸ್ಕಾಂ ಸೀಲಿನ ಮೀಟರ್‌ಗಳು ಎಷ್ಟಿವೆ, ತಮ್ಮ ಮನೆಯ ಲೈನು ಯಾವುದಕ್ಕೆ ಸೇರಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಇದಕ್ಕೇ. ಬಾಡಿಗೆದಾರರು ಕರಾರುಪತ್ರ ತೋರಿಸಿ ತಮ್ಮ ಹೆಸರಿನಲ್ಲಿಯೇ ಈ ಯೋಜನೆಗೆ ನೋಂದಾಯಿಸಿಕೊಳ್ಳಲು ಅವಕಾಶವಿದೆ.

ಮೂಲದಲ್ಲೇ ಪರಿಹಾರ ಬೇಕೆಂದರೆ ಪ್ರತಿ ಮನೆಗೂ ಬೆಸ್ಕಾಂನ ಪ್ರತ್ಯೇಕ ಮೀಟರ್ ಹಾಕಿಸಬೇಕು. ಅರ್ಜಿ ಹಾಕಬೇಕಾದವರು ಓನರ್. ಅದು ಮೊದಲಿನಷ್ಟು ಸಲೀಸಲ್ಲ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನ ಪ್ರಮಾಣಪತ್ರ ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ನಿಂತುಹೋಗಿ, ಚಿಕ್ಕ ನಿವೇಶನಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ತರಬೇಕಾಯಿತು. 2025ರಿಂದ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯವಾಗಿದೆ, ಸಿಂಗಲ್ ಫೇಸಿನದಕ್ಕೆ ಸುಮಾರು 5 ಸಾವಿರ ರೂಪಾಯಿ. ‘ನಾನ್ಯಾಕೆ ಹಾಕಿಸಲಿ, ಉಳಿತಾಯ ಅವರಿಗೆ ತಾನೇ’ ಎಂಬ ಓನರ್ ಮಾತಿಗೆ, ಆ ಖರ್ಚನ್ನು ಇಬ್ಬರೂ ಹಂಚಿಕೊಳ್ಳುವುದು ಒಂದು ದಾರಿ.

ಅದಾಗುವವರೆಗೆ ಕರಾರುಪತ್ರವಿದೆ. ಹನ್ನೊಂದು ತಿಂಗಳ ಕರಾರಿನಲ್ಲಿ ‘ವಿದ್ಯುತ್ ಶುಲ್ಕವನ್ನು ಬಾಡಿಗೆದಾರರೇ ಪಾವತಿಸತಕ್ಕದ್ದು’ ಎಂಬ ಒಂದೇ ಸಾಲು ಇರುವುದು ರೂಢಿ. ಎಷ್ಟು, ಹೇಗೆ ಎಂಬುದಿಲ್ಲ. ನವೀಕರಣದ ಹೊತ್ತಿಗೆ ಅದನ್ನು ಹೀಗೆ ಬರೆಸಬಹುದು: ‘ಸಬ್ ಮೀಟರ್ ಸೀರಿಯಲ್ ನಂಬರ್ ಇಂಥದ್ದು, ಆರಂಭದ ರೀಡಿಂಗ್ ಇಷ್ಟು. ನಿಗದಿತ ಶುಲ್ಕವನ್ನು ಮೂರು ಮನೆಗೆ ಸಮವಾಗಿ, ಉಳಿದ ಬಿಲ್ಲನ್ನು ಮುಖ್ಯ ಮೀಟರಿನ ಯೂನಿಟ್‌ಗಳಿಂದ ಭಾಗಿಸಿ ಬಂದ ದರದಂತೆ ಹಂಚತಕ್ಕದ್ದು. ಮೋಟರ್ ಮತ್ತು ಮೆಟ್ಟಿಲಿನ ದೀಪದ ಖರ್ಚನ್ನು ಮಾಲೀಕರೂ ಸೇರಿ ನಾಲ್ಕು ಪಾಲು ಮಾಡತಕ್ಕದ್ದು. ಬಿಲ್ ಬಂದ ದಿನವೇ ಎಲ್ಲ ಮೀಟರ್‌ಗಳ ಫೋಟೋ ಉಭಯತರರೂ ಹಂಚಿಕೊಳ್ಳತಕ್ಕದ್ದು.’